ತೋಪು ಬಂತು, ಸೀಟು ಹೋಯ್ತು

ನಮಸ್ಕಾರ್ರೀ. ಟಿವಿಯವರ ಮೇಲೆ ನನ್ನದೊಂದು ತಕರಾರಿದೆ. ಚೈನಿನ ಮೇಲೆ ಓಡುವ, ತಲೆಯ ಮೇಲೆ ನಳಿಗೆ ಇರುವ ಯಾವ ಗಾಡಿ ಕಂಡರೂ ‘ಟ್ಯಾಂಕ್’ ಅಂದುಬಿಡುತ್ತಾರೆ. ಅವರದ್ದು ಹೋಗಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಬೆಳಗಾವಿಯಲ್ಲಿ ಕೂತು ನಾವೂ ಹಾಗೇ ಅಂದರೆ ಹೇಗ್ರೀ?

ಸೈನಿಕರನ್ನು ಹೊತ್ತೊಯ್ಯುವ ಕವಚದ ಗಾಡಿಗಳಲ್ಲಿ ಎರಡು ಜಾತಿ. ಒಂದು ಎಪಿಸಿ, ಅಂದರೆ ಆರ್ಮರ್ಡ್ ಪರ್ಸನಲ್ ಕ್ಯಾರಿಯರ್. ಇದು ನಮ್ಮ ಟಂಟಂ ಇದ್ದ ಹಾಗೆ. ಗುಂಡು, ಬಾಂಬಿನ ಚೂರು ತಾಗದಂತೆ ಜನರನ್ನು ಒಯ್ಯುತ್ತದೆ, ಇಳಿಸುತ್ತದೆ, ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಐಎಫ್‌ವಿ, ಇನ್‌ಫೆಂಟ್ರಿ ಫೈಟಿಂಗ್ ವೆಹಿಕಲ್. ಇದು ಇಳಿಸಿದ ಮೇಲೆ ಹೋಗುವುದಿಲ್ಲ. ಅಲ್ಲೇ ನಿಂತು ತನ್ನ ತೋಪಿನಿಂದ ಕಾದಾಡುತ್ತದೆ.

ಇವೆರಡನ್ನು ಕಲಸಿದರೆ ಏನಾಗುತ್ತದೆ ಅಂತ ನೋಡಲು 1963ರ ಜನವರಿ 2ಕ್ಕೆ, ವಿಯೆಟ್ನಾಮಿನ ಆಪ್ ಬಾಕ್ ಎಂಬ ಹಳ್ಳಿಗೆ ಹೋಗೋಣ. ದಕ್ಷಿಣ ವಿಯೆಟ್ನಾಂ ಸೇನೆಯ ಹತ್ತಿರ ಅಮೆರಿಕದ ಎಂ113 ಗಾಡಿಗಳಿದ್ದವು. ಅಪ್ಪಟ ಎಪಿಸಿ. ಮೈ ಅಲ್ಯೂಮಿನಿಯಂ, ಒಳಗೆ ಹನ್ನೊಂದು ಸೈನಿಕರಿಗೆ ಜಾಗ. ಮೇಲ್ಗಡೆ ಒಂದು 12.7 ಎಂಎಂ ಮೆಷಿನ್ ಗನ್. ಅದನ್ನು ಹಾರಿಸುವವನು ಮಾತ್ರ ಎದೆಮಟ್ಟ ಹೊರಗೆ ನಿಲ್ಲಬೇಕು.

ಗದ್ದೆಯಂಚಿನ ಮರಗಳ ಸಾಲಿನಲ್ಲಿ ಆ ಸೇನೆಯ ಎದುರಾಳಿ ಗೆರಿಲ್ಲಾಗಳಾದ ವಿಯೆಟ್‌ಕಾಂಗ್‌ನವರು ಗುಂಡಿ ತೋಡಿಕೊಂಡು ಕೂತಿದ್ದರು. ಎಂ113ಗಳು ಕಾಲುವೆಗಳನ್ನು ದಾಟುವಷ್ಟರಲ್ಲೇ ಹೊತ್ತು ಹೋಗಿತ್ತು. ಆಮೇಲೂ ಒಟ್ಟಿಗೆ ನುಗ್ಗದೆ ಒಂದೊಂದು, ಎರಡೆರಡಾಗಿ ಮುಂದೆ ಬಂದವು. ರೈಫಲ್ ಗುಂಡು ಗಾಡಿಯ ಮೈಗೆ ಏನೂ ಮಾಡುತ್ತಿರಲಿಲ್ಲ. ಎದುರಿನವರು ಮೇಲೆ ನಿಂತವನಿಗೇ ಗುರಿ ಇಟ್ಟರು. ಗನ್ನರ್‌ಗಳು ಒಬ್ಬರ ಹಿಂದೆ ಒಬ್ಬರು ಬಿದ್ದರು. ಗಾಡಿಗಳು ಹಿಂದೆ ಸರಿದವು. ಆಮೇಲೆ ಆ ಮೆಷಿನ್ ಗನ್ನಿನ ಸುತ್ತ ಉಕ್ಕಿನ ತಗಡು ಕಟ್ಟುವುದು ರೂಢಿಯಾಯಿತು.

ಗಾಡಿ ಕೆಟ್ಟದ್ದಾಗಿತ್ತಾ? ಇಲ್ಲ. ಇಳಿಸಿ ಬರುವ ಗಾಡಿಯನ್ನು ಕಾದಾಡಲು ಕಳಿಸಿದ್ದರು, ಅಷ್ಟೇ.

ಸೋವಿಯತ್‌ನವರು ಬೇರೆ ದಾರಿ ಹಿಡಿದರು. 1967ರ ಪರೇಡಿನಲ್ಲಿ ಬಿಎಂಪಿ-1 ಎಂಬ ಐಎಫ್‌ವಿ ತೋರಿಸಿದರು. ಅದರ ತಮ್ಮ ಬಿಎಂಪಿ-2, ನಮ್ಮಲ್ಲಿ ‘ಸಾರಥ್’. ಮೇದಕ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಗನ್ನರ್ ಗಾಡಿಯ ಮೇಲಿನ ತಿರುಗುವ ಗೋಪುರದ ಒಳಗೇ ಕೂತು 30 ಎಂಎಂ ತೋಪು ಹಾರಿಸುತ್ತಾನೆ. ಟ್ಯಾಂಕ್ ಹೊಡೆಯುವ ಕ್ಷಿಪಣಿಯೂ ಇದೆ. ಆಪ್ ಬಾಕ್‌ನ ಕಷ್ಟ ಇಲ್ಲಿಲ್ಲ.

ಆದರೆ ಇದೆಲ್ಲ ಪುಕ್ಕಟೆ ಬರುವುದಿಲ್ಲ. ಗೋಪುರ, ತೋಪು, ಮದ್ದುಗುಂಡು ಎಲ್ಲಾ ಒಳಗಿನ ಜಾಗವನ್ನೇ ತಿನ್ನುತ್ತವೆ. ಬಿಎಂಪಿ-2ರಲ್ಲಿ ಗಾಡಿಯವರು ಮೂವರನ್ನು ಬಿಟ್ಟರೆ ಇಳಿದು ಕಾದಾಡಲು ಸಿಗುವವರು ಏಳೇ ಜನ. ಅಮೆರಿಕದ ಐಎಫ್‌ವಿ ಬ್ರಾಡ್ಲಿಯಲ್ಲಿ ಆರೇಳು. ಕ್ಯಾಂಪ್ ಕಡೆ ಚಹಾ ಕುಡಿಯುವಾಗ ಸಿಗುವ ಒಬ್ಬ ಮಾಜಿ ಸೈನಿಕ ಕಾಕಾ ಬಿಎಂಪಿಯಲ್ಲಿ ಓಡಾಡಿದವರು. ‘ತಮ್ಮಾ, ಮೊಣಕಾಲು ಎದೆಗೆ ಹತ್ತತಾವ. ಹಿಂದಿನ ಬಾಗಲದಾಗ ಡೀಸೆಲ್ ಇರತೈತಿ’ ಅಂದರು. ಹೌದು, ಹಿಂಬಾಗಿಲುಗಳೇ ಇಂಧನದ ಟ್ಯಾಂಕಿ. ಇಳಿಯುವುದೂ ಆ ಬಾಗಿಲಲ್ಲೇ! ಮೈಯ ಕವಚವೂ ದಪ್ಪವಿಲ್ಲ, ತೂಕ ಹದಿನಾಲ್ಕು ಟನ್ ಆಸುಪಾಸು. ನೀರಲ್ಲಿ ತೇಲಬೇಕಲ್ಲ. ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ರಾಕೆಟ್ ಬಡಿದರೆ ತಡೆಯುವುದಿಲ್ಲ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಐಎಫ್‌ವಿ ಅಂದರೆ ಗಟ್ಟಿ ಗಾಡಿ, ಎಪಿಸಿ ಅಂದರೆ ಹಗುರ ಗಾಡಿ ಅಂದುಕೊಳ್ಳುತ್ತಾರೆ. ಇಸ್ರೇಲಿನ ನಮೇರ್ ನೋಡಿ. ಮೆರ್ಕವಾ ಟ್ಯಾಂಕಿನ ಒಡಲ ಮೇಲೆ ಕಟ್ಟಿದ್ದು, ಅರವತ್ತು ಟನ್ ಹತ್ತಿರ. ಆದರೆ ಮೇಲಿರುವುದು ಸಾಮಾನ್ಯವಾಗಿ ಮೆಷಿನ್ ಗನ್ ಮಾತ್ರ. ಹಾಗಾಗಿ ಅದು ಎಪಿಸಿಯೇ. 1990ರ ಯುರೋಪ್ ಶಸ್ತ್ರ ಮಿತಿ ಒಪ್ಪಂದದಲ್ಲೂ ಗೆರೆ ಎಳೆದದ್ದು ಕವಚ ನೋಡಿ ಅಲ್ಲ. 20 ಎಂಎಂ ಅಥವಾ ಅದಕ್ಕಿಂತ ದೊಡ್ಡ ತೋಪಿದ್ದರೆ ಫೈಟಿಂಗ್ ವೆಹಿಕಲ್, ಅದಕ್ಕಿಂತ ಚಿಕ್ಕದಿದ್ದರೆ ಕ್ಯಾರಿಯರ್.

ನನ್ನ ಅಭಿಪ್ರಾಯ ಕೇಳಿದರೆ, ತೋಪು ಇದ್ದದ್ದೇ ಮೇಲು ಅನ್ನುವುದು ಸುಮ್ನೆ ಮಾತು. ಬಯಲಲ್ಲಿ, ಮರುಭೂಮಿಯಲ್ಲಿ ಟ್ಯಾಂಕುಗಳ ಬೆನ್ನಿಗೆ ಓಡಬೇಕಾದರೆ ಬಿಎಂಪಿಯೇ ಬೇಕು, ದೂರದ ಗುರಿಗೆ ಹೊಡೆಯಲು ಅದರ ತೋಪು ಬೇಕು. ಊರೊಳಗೆ ಮನೆ ಮನೆ ಹುಡುಕುವ ಕೆಲಸವಾದರೆ ಲೆಕ್ಕ ಬೇರೆ. ಅಲ್ಲಿ ಮೆಟ್ಟಿಲು ಹತ್ತುವುದು ತೋಪಲ್ಲ, ಕಾಲಾಳು. ಬಿಎಂಪಿಯಿಂದ ಇಳಿದ ಏಳರಲ್ಲಿ ಒಬ್ಬನಿಗೆ ಗಾಯವಾಯಿತು ಅನ್ನಿ. ಅವನನ್ನು ಹೊತ್ತು ತರಲು ಇಬ್ಬರು ಬೇಕು. ಉಳಿದವರು ನಾಲ್ಕು. ಎಂ113 ಆಗಿದ್ದರೆ ಅದೇ ಗಾಯ, ಅದೇ ಇಬ್ಬರು ಹೋದ ಮೇಲೂ ಎಂಟು ಜನ ಉಳಿಯುತ್ತಿದ್ದರು.