ಫ್ರೆಂಚ್‌ನಲ್ಲಿ ದರಪಟ್ಟಿಯ ಉತ್ತರ

ಕೇಳುಗರಿಗೆ ನಮಸ್ಕಾರ. ಚನ್ನಪಟ್ಟಣದ ಮರದ ಗೊಂಬೆಗಳನ್ನು ತಯಾರಿಸುವವರೊಬ್ಬರಿಗೆ ಲಿಯಾನ್ ನಗರದ ಅಂಗಡಿಯೊಂದು ಎರಡು ಸಾವಿರ ಗೊಂಬೆಗಳಿಗೆ ದರ ಕೇಳಿ ಫ್ರೆಂಚ್‌ನಲ್ಲಿ ಬರೆದಿದೆ ಎಂದು ಭಾವಿಸೋಣ. ಒಂದು ಗೊಂಬೆಗೆ ನಾಲ್ಕೂವರೆ ಯೂರೊ. ಒಟ್ಟು ಒಂಬತ್ತು ಸಾವಿರ.

ಮೊದಲ ತೊಡಕು ಅಂಕಿಯಲ್ಲಿಯೇ ಇದೆ. ನಾವು ಸಾವಿರದ ನಂತರ ಅಲ್ಪವಿರಾಮ ಹಾಕುತ್ತೇವೆ. ಫ್ರೆಂಚರಿಗೆ ಅಲ್ಪವಿರಾಮವೇ ದಶಮಾಂಶ ಚಿಹ್ನೆ. ಆದ್ದರಿಂದ 9,000 ಎಂಬುದನ್ನು ಅವರು ಬರಿಯ ಒಂಬತ್ತು ಎಂದು ಓದಬಹುದು. 9 000,00 ಎಂದು ಸಾವಿರಕ್ಕೆ ತೆರಪು ಬಿಟ್ಟು, ಯೂರೊ ಚಿಹ್ನೆಯನ್ನು ಕೊನೆಯಲ್ಲಿ ಇಡಬೇಕು. ಅದರ ಪಕ್ಕದಲ್ಲಿ ‘ಓರ್ ತಾಕ್ಸ್’, ಅಂದರೆ ತೆರಿಗೆ ಹೊರತು, ಎಂದು ಬರೆದು, ಬೆಲೆ ಎಲ್ಲಿಯವರೆಗಿನ ಸಾಗಣೆಯನ್ನು ಒಳಗೊಂಡಿದೆ ಎಂಬುದನ್ನೂ ಸೇರಿಸಬೇಕು. ‘ಎಫ್ಒಬಿ ಚೆನ್ನೈ’ ಎಂದರೆ ಸರಕನ್ನು ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ವೆಚ್ಚ ನಮ್ಮದು, ಮುಂದಿನದು ಖರೀದಿದಾರರದು.

ಬೆಲೆಯ ಅವಧಿಯನ್ನು ‘ಒಂದು ತಿಂಗಳು’ ಎಂದು ಬರೆದರೆ ಯಾವ ದಿನದಿಂದ ಎಂಬ ಪ್ರಶ್ನೆ ಏಳುತ್ತದೆ. ‘ಓಫ್ರ್ ವಲಾಬ್ಲ್ ಜ್ಯುಸ್ಕೋ’, ಅಂದರೆ ಈ ಬೆಲೆಯ ಕೊಡುಗೆ ಇಂಥ ದಿನದವರೆಗೆ ಮಾನ್ಯ, ಎಂದು ಬರೆದು ಮುಂದೆ ನಿರ್ದಿಷ್ಟ ದಿನಾಂಕ ನೀಡುವುದೇ ಸರಿಯಾದ ಮಾರ್ಗ. ಫ್ರಾನ್ಸಿನ ಸಿವಿಲ್ ಸಂಹಿತೆಯ 1116ನೆಯ ವಿಧಿಯಂತೆ, ತಾನೇ ಗೊತ್ತುಪಡಿಸಿದ ಅವಧಿ ಮುಗಿಯುವ ಮೊದಲು ಮಾರಾಟಗಾರನು ಕೊಡುಗೆಯನ್ನು ಹಿಂತೆಗೆದುಕೊಳ್ಳುವಂತಿಲ್ಲ. ಈ ವ್ಯವಹಾರಕ್ಕೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬುದು ಬೇರೆಯ ವಿಷಯವಾದರೂ, ಎದುರಿನವರು ನಮ್ಮ ಪತ್ರವನ್ನು ಆ ರೂಢಿಯಿಂದಲೇ ಓದುತ್ತಾರೆ. ಮರದ ಬೆಲೆ ಏರಿಳಿಯುವ ಕಾಲದಲ್ಲಿ ದೀರ್ಘ ಅವಧಿ ಕೊಡದಿರುವುದು ಕ್ಷೇಮವೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಚ್ಚು ಜಗಳ ಹುಟ್ಟುವುದು ಪಾವತಿಯ ಷರತ್ತಿನಲ್ಲಿ. ಖರೀದಿದಾರರು ‘ಕಾರಾಂತ್ ಸ್ಯಾಂಕ್ ಜೂರ್ ಫ್ಯಾಂ ದ ಮ್ವಾ’, ಅಂದರೆ ನಲವತ್ತೈದು ದಿನ, ತಿಂಗಳ ಕೊನೆ, ಎಂದು ಕೇಳುವುದುಂಟು. ಸೆಪ್ಟೆಂಬರ್ 10ರ ಬಿಲ್ಲನ್ನು ತೆಗೆದುಕೊಳ್ಳೋಣ. ಮೊದಲು ನಲವತ್ತೈದು ದಿನ ಎಣಿಸಿದರೆ ಅಕ್ಟೋಬರ್ 25 ಬರುತ್ತದೆ. ಆ ತಿಂಗಳ ಕೊನೆಯಾದ ಅಕ್ಟೋಬರ್ 31 ಪಾವತಿಯ ದಿನವಾಗುತ್ತದೆ. ಮೊದಲು ಸೆಪ್ಟೆಂಬರ್ ಕೊನೆಗೆ ಹೋಗಿ ಅಲ್ಲಿಂದ ಎಣಿಸಿದರೆ ಅದು ನವೆಂಬರ್ 14. ಎರಡೂ ಲೆಕ್ಕಗಳು ಅಲ್ಲಿ ಬಳಕೆಯಲ್ಲಿರುವುದರಿಂದ, ಸಣ್ಣ ತಯಾರಕರು ‘ತ್ರಾಂತ್ ಜೂರ್ ದಾತ್ ದ ಫಾಕ್ತ್ಯೂರ್’, ಅಂದರೆ ಬಿಲ್ಲಿನ ದಿನಾಂಕದಿಂದ ಮೂವತ್ತು ದಿನ, ಎಂದು ಬರೆಯುವುದು ಉತ್ತಮ. ಆಗ ಅಕ್ಟೋಬರ್ 10 ಎಂಬುದರಲ್ಲಿ ಇಬ್ಬರಿಗೂ ಸಂದೇಹವಿರುವುದಿಲ್ಲ.

ಮುಂಗಡ ಬೇಕಿದ್ದರೆ ಅದನ್ನು ‘ಅಕೋಂತ್’ ಎಂದು ಕರೆಯಬೇಕು. ‘ಆರ್’ ಎಂದು ಬರೆದರೆ, ಫ್ರೆಂಚ್ ಕಾನೂನಿನಲ್ಲಿ, ಖರೀದಿದಾರರು ಆ ಹಣವನ್ನು ಬಿಟ್ಟುಕೊಟ್ಟು ಒಪ್ಪಂದದಿಂದ ಹಿಂದೆ ಸರಿಯಬಹುದು. ಮಾರಾಟಗಾರ ಹಿಂದೆ ಸರಿದರೆ ಎರಡರಷ್ಟು ಮರಳಿಸಬೇಕು. ಶೇಕಡ ಮೂವತ್ತು ಅಕೋಂತ್, ಅಂದರೆ ಎರಡು ಸಾವಿರದ ಏಳುನೂರು ಯೂರೊ, ಆದೇಶದ ಜೊತೆಗೆ. ಉಳಿದ ಆರು ಸಾವಿರದ ಮುನ್ನೂರು ಬಿಲ್ಲಿನ ನಂತರ. ಈ ಮೊತ್ತಗಳನ್ನು ಪತ್ರದಲ್ಲಿಯೇ ಬಿಡಿಸಿ ಬರೆದು, ಪತ್ರದ ಕೆಳಗೆ ‘ಬೋಂ ಪೂರ್ ಅಕೋರ್’ ಎಂಬ ಒಪ್ಪಿಗೆಯ ಮಾತು, ದಿನಾಂಕ ಮತ್ತು ಸಹಿಗಳಿಗೆ ಜಾಗ ಬಿಡಬೇಕು. ಸಹಿ ಮಾಡಿದ ಪ್ರತಿ ಮರಳಿ ಬಂದಾಗ, ಆ ದಿನಾಂಕ ನಾವು ಕೊಟ್ಟ ಅವಧಿಯೊಳಗಿದೆಯೇ ಎಂದು ನೋಡಿದ ಮೇಲೆಯೇ ಮರ ಕೊಳ್ಳಲು ಹೊರಡಬೇಕು.