ಕ್ರೆಡಿಟ್ ಬೇಡ, ಕೊಟ್ಟ ದುಡ್ಡೇ ವಾಪಸ್ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ರೀಫಂಡ್ ಅಂದ್ರೆ ನೀವು ದುಡ್ಡು ಕೊಟ್ಟ ದಾರಿಯಲ್ಲೇ ಅದು ವಾಪಸ್ ಬರೋದು. ಯುಪಿಐನಲ್ಲಿ ಕೊಟ್ಟಿದ್ರೆ ಬ್ಯಾಂಕ್ ಖಾತೆಗೆ, ಕಾರ್ಡಿನಲ್ಲಿ ಕೊಟ್ಟಿದ್ರೆ ಅದೇ ಕಾರ್ಡಿಗೆ. ಸ್ಟೋರ್ ಕ್ರೆಡಿಟ್ ಹಾಗಲ್ಲ. ಅದು ಆ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ. ಅದರಲ್ಲಿ ಹಾಲು ಕೊಳ್ಳೋಕಾಗಲ್ಲ, ಕರೆಂಟ್ ಬಿಲ್ ಕಟ್ಟೋಕಾಗಲ್ಲ.

ನಮ್ಮ ಅತ್ತಿಗೆ ಆನ್‌ಲೈನಲ್ಲಿ 4,200 ರೂಪಾಯಿಗೆ ಮಿಕ್ಸಿ ತರಿಸಿದರು. ಮೂರನೇ ದಿನ ಇಡ್ಲಿಗೆ ಉದ್ದಿನಬೇಳೆ ರುಬ್ಬುವಾಗ ಸುಟ್ಟ ವಾಸನೆ, ಮೋಟಾರು ನಿಂತೇಹೋಯ್ತು. ಮಿಕ್ಸಿಯನ್ನೇನೋ ವಾಪಸ್ ತಗೊಂಡರು. ಆಮೇಲೆ ಆ್ಯಪಿನಲ್ಲಿ ದೊಡ್ಡ ಹಸಿರು ಬಟನ್: ವಾಲೆಟ್‌ಗೆ ಈಗಲೇ ರೀಫಂಡ್. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಬ್ಯಾಂಕ್ ಖಾತೆಗೆ, 5ರಿಂದ 7 ದಿನ. ಅತ್ತಿಗೆ ಕನ್ನಡಕ ಹಾಕಿರಲಿಲ್ಲ, ಹಸಿರನ್ನೇ ಒತ್ತಿದರು. ದುಡ್ಡು ಬಂತು, ಆದರೆ ಆ ಆ್ಯಪಿನ ವಾಲೆಟ್‌ಗೆ! ಬಳಸೋಕೆ 90 ದಿನ ಗಡುವು ಬೇರೆ. ಅವರಿಗೆ ಬೇಕಾದ ಮಿಕ್ಸಿ ನಮ್ಮ ಬೀದಿಯ ಅಂಗಡಿಯಲ್ಲೇ ಇತ್ತು, ಕೊಳ್ಳೋಕೆ ಕೈಯಲ್ಲಿ ದುಡ್ಡಿಲ್ಲ. ಫೋನ್ ಮಾಡಿದರೆ, "ಮೇಡಂ, ನೀವೇ ಆರಿಸಿದ್ದಲ್ವಾ?" ಅಂದರು.

ಪುಣ್ಯಕ್ಕೆ ಅದರಲ್ಲಿ ಒಂದು ರೂಪಾಯಿನೂ ಖರ್ಚಾಗಿರಲಿಲ್ಲ. ಖರ್ಚು ಮಾಡಿದ್ದರೆ ಕ್ರೆಡಿಟ್ ಒಪ್ಪಿಕೊಂಡ್ರಿ ಅಂತ ಅವರು ವಾದಿಸ್ತಾರೆ, ಮುಟ್ಟಬೇಡಿ. ನಾನು ಕೂತು ಅತ್ತಿಗೆ ಕೈಲಿ ಇಮೇಲ್ ಬರೆಸಿದೆ: "ಕೆಟ್ಟ ಮಾಲು ಕೊಟ್ಟಿದ್ದೀರಿ. ವಾಲೆಟ್ ಮೊತ್ತ ನನಗೆ ಬೇಡ, ರದ್ದು ಮಾಡಿ. 4,200 ರೂಪಾಯಿಯನ್ನು ನಾನು ಪಾವತಿಸಿದ ಬ್ಯಾಂಕ್ ಖಾತೆಗೇ ಹಾಕಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರ ಪ್ರಕಾರ ಇದು ಅನುಚಿತ ವ್ಯಾಪಾರ ಪದ್ಧತಿ ಅಂತ ದೂರು ಕೊಡುತ್ತೇನೆ." ಜೊತೆಗೆ ಬಿಲ್ಲು, ಮಿಕ್ಸಿಯ ಫೋಟೋ, ಆ ಹಸಿರು ಬಟನ್ನಿನ ಸ್ಕ್ರೀನ್‌ಶಾಟ್. ನಾಲ್ಕನೇ ದಿನ ದುಡ್ಡು ಖಾತೆಗೆ ಬಂತು.

ಆ ಸೆಕ್ಷನ್ ಹೇಳೋದು ಇಷ್ಟೇ: ಕೆಟ್ಟ ಮಾಲು ಮಾರಿದವರು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ಅದನ್ನು ವಾಪಸ್ ತಗೊಂಡು ಹಣ ಹಿಂದಿರುಗಿಸಬೇಕು. ಹಣ ರೀ, ಚೀಟಿ ಅಲ್ಲ! ಸುಮ್ನೆ ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಟ್ಟರೆ ಮಾತ್ರ ಅಂಗಡಿಯವರ ನಿಯಮ ನಡೆಯುತ್ತೆ.

ಸಮಯ ಆಗ್ತಿದೆ, ಬೇಗ ಹೇಳಿಬಿಡ್ತೀನಿ. ಫೋನಿನಲ್ಲಿ ಜಗಳ ಬೇಡ, ಬರೆದು ಕೇಳಿ. "ಹಾಕಿದ್ದೇವೆ" ಅಂದರೆ ಯುಪಿಐಗೆ ಯುಟಿಆರ್ ನಂಬರು, ಕಾರ್ಡಿಗೆ ಎಆರ್‌ಎನ್ ನಂಬರು ಕೇಳಿ. ಅದನ್ನು ಬ್ಯಾಂಕಿಗೆ ಕೊಟ್ಟರೆ ದುಡ್ಡು ಎಲ್ಲಿದೆ ಅಂತ ಹುಡುಕಿ ಹೇಳ್ತಾರೆ. ನಂಬರೇ ಕೊಡಲಿಲ್ಲ ಅಂದ್ರೆ ಅವರು ಹಾಕಿಯೇ ಇಲ್ಲ ಅಂತ ತಿಳ್ಕೊಳ್ಳಿ. ಆಗ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಬಿಲ್ಲು ಕೈಯಲ್ಲಿರಲಿ. ನಮಸ್ಕಾರ.