ಶಿಖರದ ಚುಕ್ಕೆ 22.4ರಲ್ಲೋ, 22.35ರಲ್ಲೋ?

(ಧಾರವಾಡದಲ್ಲಿ ಬಿಎಸ್ಸಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬ್ಯಾಡಗಿ ಮೆಣಸಿನಕಾಯಿ ಹಾಕಿ ಮಾಡಿದ ಸಾಸ್ ನಿಮ್ಮ ಮುಂದಿದೆ ಅಂದುಕೊಳ್ಳಿ. ಅದರಲ್ಲಿ ಅಸಿಟಿಕ್ ಆಮ್ಲ ಎಷ್ಟಿದೆ ಅಂತ ಕಂಡುಹಿಡಿಯಬೇಕು. ಫಿನಾಲ್ಫ್ಥಲೀನ್ ಹಾಕಿದರೆ ಏನಾಗುತ್ತದೆ? ಆ ಕೆಂಪಿನಲ್ಲಿ ತಿಳಿ ಗುಲಾಬಿ ಎಲ್ಲಿ ಕಾಣಬೇಕು? ಇಂಥ ಕಡೆ ಕಣ್ಣಿನ ಕೆಲಸವನ್ನು ಗಾಜಿನ ಎಲೆಕ್ಟ್ರೋಡಿಗೆ ಕೊಡುತ್ತೇವೆ. ಅದಕ್ಕೆ ಬಣ್ಣ ಕಾಣುವುದಿಲ್ಲ, ಹೈಡ್ರೋಜನ್ ಅಯಾನು ಮಾತ್ರ ಗೊತ್ತಾಗುತ್ತದೆ. ಜೊತೆಗಿರುವ ಕ್ಯಾಲೊಮೆಲ್ ಎಲೆಕ್ಟ್ರೋಡಿನ ವೋಲ್ಟೇಜ್ ಬದಲಾಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಮೀಟರ್ ತೋರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ಬದಲಾದರೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ.

ಇವತ್ತು ಸಾಸ್ ಬೇಡ, ಬರೀ ಅಸಿಟಿಕ್ ಆಮ್ಲದ ದ್ರಾವಣ ತೆಗೆದುಕೊಳ್ಳೋಣ. ಬೀಕರಿನಲ್ಲಿ 25 ಎಂಎಲ್ ಆಮ್ಲ ಇದೆ. ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಶುರುವಿನಲ್ಲಿ ಪಿಎಚ್ 2.9 ಇರುತ್ತದೆ. ಮೊದಲ ಒಂದು ಎಂಎಲ್ ಬಿದ್ದ ಕೂಡಲೇ ಅದು 3.5ರ ಹತ್ತಿರ ಹೋಗುತ್ತದೆ. ಇದನ್ನು ನೋಡಿ ಗಾಬರಿ ಆಗಬೇಡಿ. ದುರ್ಬಲ ಆಮ್ಲದ ಸ್ವಭಾವವೇ ಹಾಗೆ. ಆಮೇಲೆ ಅಸಿಟೇಟ್ ಸೇರಿಕೊಂಡು ದ್ರಾವಣ ಬಫರ್ ಆಗುತ್ತದೆ, ಪಿಎಚ್ ತೆವಳತೊಡಗುತ್ತದೆ. ಆ ಹೊತ್ತಿನಲ್ಲಿ ಒಂದೊಂದು ಎಂಎಲ್ ಹಾಕಿದರೂ ನಡೆಯುತ್ತದೆ. 21 ಎಂಎಲ್ ದಾಟಿದ ಮೇಲೆ ಮಾತ್ರ ಕೈ ಬಿಗಿಹಿಡಿಯಬೇಕು. ಅಲ್ಲಿಂದ 0.1 ಎಂಎಲ್‌ನ ಹೆಜ್ಜೆ.

ಬೋರ್ಡಿನ ಮೇಲೆ ಬರೆದಿರುವುದನ್ನು ನೋಡಿ. ಎಲ್ಲವೂ ಸರಿಯಾಗಿ ನಡೆದರೆ ಬರಬೇಕಾದ ರೀಡಿಂಗ್‌ಗಳಿವು. 22.1 ಎಂಎಲ್‌ಗೆ ಪಿಎಚ್ 6.71. 22.2ಕ್ಕೆ 6.93. 22.3ಕ್ಕೆ 7.41. ಇನ್ನೊಂದೇ ಹೆಜ್ಜೆ, 22.4ಕ್ಕೆ 10.02! ಆಮೇಲೆ 22.5ಕ್ಕೆ 10.50, 22.6ಕ್ಕೆ 10.72.

ಈಗ ΔpH/ΔV ತೆಗೆಯೋಣ. ಅಂದರೆ ಪ್ರತಿ ಹೆಜ್ಜೆಯಲ್ಲಿ ಪಿಎಚ್ ಎಷ್ಟು ಏರಿತೋ ಅದನ್ನು ಆ ಹೆಜ್ಜೆಯ ಎಂಎಲ್‌ನಿಂದ ಭಾಗಿಸುವುದು. 22.1ರಿಂದ 22.2ಕ್ಕೆ 2.2. ಮುಂದಿನ ಹೆಜ್ಜೆಗೆ 4.8. 22.3ರಿಂದ 22.4ಕ್ಕೆ 26.1. ನಂತರ ಮತ್ತೆ 4.8, ಮತ್ತೆ 2.2. ಶಿಖರ ಎದ್ದು ಕಾಣುತ್ತದೆ. ಆದರೆ 26.1ರ ಚುಕ್ಕೆಯನ್ನು ಗ್ರಾಫಿನಲ್ಲಿ ಎಲ್ಲಿ ಇಡುತ್ತೀರಿ?

ಪ್ರತಿ ವರ್ಷ ಅರ್ಧ ಕ್ಲಾಸು 22.4ರ ಮೇಲೆ ಇಡುತ್ತದೆ. ರೀಡಿಂಗ್ ತೆಗೆದಿದ್ದು ಅಲ್ಲೇ ಅಲ್ವಾ, ಅದಕ್ಕೇ ಹಾಗೆ ಅನಿಸುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ರಸ್ತೆಯನ್ನು ನೆನೆಸಿಕೊಳ್ಳಿ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ರಸ್ತೆ ಎಷ್ಟು ಏರಿತು ಅಂತ ಅಳೆದಿರಿ. ಆ ಏರು ಕೊನೆಯ ಕಲ್ಲಿನದಾ? ಅಲ್ಲ. ಎರಡೂ ಕಲ್ಲುಗಳ ನಡುವಿನ ಇಡೀ ರಸ್ತೆಯದು. ಒಂದೇ ಚುಕ್ಕೆಯಲ್ಲಿ ತೋರಿಸಬೇಕು ಅಂದರೆ ನಡುಮಧ್ಯದಲ್ಲಿ ಇಡಬೇಕು. ಹಾಗಾಗಿ 26.1ರ ಜಾಗ 22.35. ಆಮ್ಲಕ್ಕೆ ಸರಿಸಮನಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಿದ್ದ ಜಾಗ, ಅಂದರೆ ಈಕ್ವಿವಲೆನ್ಸ್ ಪಾಯಿಂಟ್ ಅದೇ. 22.4ರಲ್ಲಿ ಇಟ್ಟರೆ 0.05 ಎಂಎಲ್ ತಪ್ಪು, ಅಂದರೆ ಒಂದು ಹನಿಯಷ್ಟು.

ಒಂದು ಹನಿ ತಾನೇ ಅನ್ನಬೇಡಿ. ಬೇಸರ ಬಂದು ಕೊನೆಯವರೆಗೂ ಒಂದೊಂದೇ ಎಂಎಲ್ ಹಾಕಿದವರ ಲೆಕ್ಕ ನೋಡಿ. 22ರಿಂದ 23ಕ್ಕೆ ಹೋಗುವಾಗ ಅವರಿಗೆ ಶಿಖರ ಸಿಗುತ್ತದೆ. ನಡುವಿನಲ್ಲಿ ಇಟ್ಟರೆ 22.5, ತಪ್ಪು 0.15. ಕೊನೆಯಲ್ಲಿ ಇಟ್ಟರೆ 23, ತಪ್ಪು 0.65. ಇದು ಸುಮಾರು ಶೇಕಡಾ 3. ಈ ತಪ್ಪಿನ ಕೆಟ್ಟ ಗುಣ ಏನೆಂದರೆ ಅದು ಯಾವಾಗಲೂ ಒಂದೇ ಕಡೆಗೆ, ಜಾಸ್ತಿ ಕಡೆಗೇ ಎಳೆಯುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆದರೂ ಹೋಗುವುದಿಲ್ಲ.

ಶಿಖರದ ಅಕ್ಕಪಕ್ಕದ ಎರಡು ಚುಕ್ಕೆಗಳನ್ನೂ ನೋಡಿ. ನಮ್ಮಲ್ಲಿ ಎರಡೂ 4.8, ಸಮ. ಅಂದರೆ ನಿಜವಾದ ಬಿಂದು ಹೆಜ್ಜೆಯ ಸರಿಮಧ್ಯದಲ್ಲಿದೆ. ಒಂದು ವೇಳೆ ಎಡಕ್ಕೆ 3.5, ಬಲಕ್ಕೆ 7.8 ಬಂದಿದ್ದರೆ? ಆಗ ಬಿಂದು ಮಧ್ಯಕ್ಕಿಂತ ಬಲಕ್ಕೆ, 22.38ರ ಹತ್ತಿರ ಇರುತ್ತದೆ. ಎತ್ತರದ ಚುಕ್ಕೆಯನ್ನಷ್ಟೇ ನೋಡಿ ಪುಸ್ತಕ ಮುಚ್ಚುವವರಿಗೆ ಇದು ಕಾಣುವುದೇ ಇಲ್ಲ.

ಹಾಗಾದರೆ ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡೋಣ, 0.02 ಎಂಎಲ್ ಹಾಕೋಣ ಅಂತ ಕೆಲವರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬ್ಯುರೆಟ್ ಓದುವಾಗಲೇ 0.02 ಎಂಎಲ್ ಆಚೀಚೆ ಆಗುತ್ತದೆ. 0.1ರ ಹೆಜ್ಜೆಯಲ್ಲಿ ಅದು ಐದರಲ್ಲೊಂದು ಪಾಲು. 0.02ರ ಹೆಜ್ಜೆಯಲ್ಲಿ ಹೆಜ್ಜೆಯಷ್ಟೇ ತಪ್ಪು! ಚಿಕ್ಕ ಸಂಖ್ಯೆಯಿಂದ ಭಾಗಿಸಿದಷ್ಟೂ ಚಿಕ್ಕ ತಪ್ಪುಗಳು ದೊಡ್ಡದಾಗುತ್ತವೆ. ಗ್ರಾಫು ಗರಗಸದ ಹಲ್ಲಿನಂತಾಗುತ್ತದೆ.

ನಾನು ಓದುವಾಗ ನಡೆದದ್ದು ಹೇಳುತ್ತೇನೆ. ನನ್ನ ಗ್ರಾಫಿನಲ್ಲಿ ಒಂದಲ್ಲ, ಎರಡು ಶಿಖರ ಬಂದವು. ಅಸಿಟಿಕ್ ಆಮ್ಲಕ್ಕೆ ಬಿಟ್ಟುಕೊಡುವ ಹೈಡ್ರೋಜನ್ ಒಂದೇ, ಎರಡು ಶಿಖರ ಎಲ್ಲಿಂದ ಬರಬೇಕು? ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನ ಅವಸರದ್ದು. ಈಕ್ವಿವಲೆನ್ಸ್ ಹತ್ತಿರ ದ್ರಾವಣದಲ್ಲಿ ಬಫರ್ ಶಕ್ತಿ ಇರುವುದಿಲ್ಲ, ಎಲೆಕ್ಟ್ರೋಡ್ ನಿಧಾನಕ್ಕೆ ನೆಲೆಗೆ ಬರುತ್ತದೆ. ಅಂಕಿ ಇನ್ನೂ ಏರುತ್ತಿರುವಾಗಲೇ ನಾನು ಬರೆದುಕೊಂಡಿದ್ದೆ. ಒಂದು ಹೆಜ್ಜೆಯಲ್ಲಿ ಕಡಿಮೆ ಬಿದ್ದ ಏರು ಮುಂದಿನ ಹೆಜ್ಜೆಯಲ್ಲಿ ಬಂದು ಸೇರಿತ್ತು. ಮಾರನೇ ದಿನ ಪ್ರತಿ ಹೆಜ್ಜೆಗೂ ಕಲಕಿ, ಅಂಕಿ ನಿಲ್ಲುವವರೆಗೆ ಕಾದೆ. ಒಂದೇ ಶಿಖರ ಬಂತು. ನಿಮಗೂ ಅನುಮಾನ ಬಂದರೆ ಇನ್ನೊಮ್ಮೆ ಮಾಡಿ ನೋಡಿ. ಸುಳ್ಳು ಶಿಖರ ಜಾಗ ಬದಲಿಸುತ್ತದೆ, ನಿಜವಾದದ್ದು ಅಲ್ಲೇ ಇರುತ್ತದೆ.

ಶಿಖರ ಒಂದೇ ಇದ್ದರೂ ಗಿಡ್ಡವಾಗಿ, ಅಗಲವಾಗಿ ಬಂದರೆ ಬ್ಯುರೆಟ್ಟಿನ ದ್ರಾವಣದ ಕಡೆ ನೋಡಿ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೋನೇಟ್ ಆಗಿರಬಹುದು. ಕುದಿಸಿ ಆರಿಸಿದ ನೀರಿನಲ್ಲಿ ಹೊಸದಾಗಿ ಮಾಡಿ, ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಜೊತೆ ಟೈಟ್ರೇಟ್ ಮಾಡಿ ಅದರ ನಿಜವಾದ ಮೋಲಾರಿಟಿ ತಿಳಿದುಕೊಳ್ಳಿ.

ಈ ವಿಧಾನದಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಗುಣ ಇದೆ. ಮೀಟರ್ ಎಲ್ಲ ಕಡೆ 0.3 ಜಾಸ್ತಿ ತೋರಿಸುತ್ತಿದೆ ಅಂತ ಇಟ್ಟುಕೊಳ್ಳಿ. ನಾವು ತೆಗೆಯುವುದು ಒಂದರಿಂದ ಒಂದರ ವ್ಯತ್ಯಾಸ. ಕಳೆಯುವಾಗ ಆ 0.3 ಹೊರಟೇಹೋಗುತ್ತದೆ, ಶಿಖರ ಅಲ್ಲಾಡುವುದಿಲ್ಲ. ಆದರೆ ಅದೇ ರೀಡಿಂಗ್‌ಗಳಿಂದ ಪಿಕೆಎ ಓದಲು ಹೊರಟರೆ ಈ ಮಾಫಿ ಇಲ್ಲ. 22.35ರ ಅರ್ಧ 11.18 ಎಂಎಲ್. ಅಲ್ಲಿನ ಪಿಎಚ್ಚೇ ಪಿಕೆಎ, ಅಸಿಟಿಕ್ ಆಮ್ಲಕ್ಕೆ 4.76. ಬಫರ್ ಹಾಕಿ ಮೀಟರ್ ಸರಿ ಮಾಡಿಕೊಳ್ಳದಿದ್ದರೆ ನಿಮಗೆ 5.06 ಸಿಗುತ್ತದೆ. ನಮ್ಮ ΔpH/ΔV ಗ್ರಾಫಿನ ಕಣಿವೆಯ ತಳವೂ ಇದೇ 11.18ರಲ್ಲಿದೆ. ಬಫರ್ ಅತಿ ಗಟ್ಟಿಯಾಗಿರುವ ಜಾಗ ಅದು.

ಎಲ್ಲ ಆಮ್ಲಕ್ಕೂ ಹೀಗೇ ಚೂಪು ಶಿಖರ ಬರುವುದಿಲ್ಲ. ಬೋರಿಕ್ ಆಮ್ಲದ ಪಿಕೆಎ 9.2. ಅದನ್ನು ನೇರ ಟೈಟ್ರೇಟ್ ಮಾಡಿದರೆ ಸಣ್ಣ ದಿಬ್ಬ ಬರುತ್ತದೆ ಅಷ್ಟೆ. ಮ್ಯಾನಿಟಾಲ್ ಬೆರೆಸಿದರೆ ಎರಡೂ ಸೇರಿ ಹೆಚ್ಚು ಪ್ರಬಲವಾದ ಆಮ್ಲ ಆಗುತ್ತದೆ, ಆಗ ಶಿಖರ ಏಳುತ್ತದೆ.

ನಮ್ಮ ಆಮ್ಲದ ಲೆಕ್ಕ ಮುಗಿಸೋಣ. 22.35 ಗುಣಿಸು 0.1, ಭಾಗಿಸು 25. ಬಂದದ್ದು 0.0894 ಮೋಲಾರ್. ಈಗ ಗ್ರಾಫ್ ಶೀಟ್ ತೆಗೆಯಿರಿ. ಬೋರ್ಡಿನ ಮೇಲಿನ ಮೊದಲ ಹೆಜ್ಜೆ 22.1ರಿಂದ 22.2, ಅದರ ಚುಕ್ಕೆ 22.15ರ ಮೇಲೆ ಬರಬೇಕು. ಅಲ್ಲಿಂದ ಶುರು ಮಾಡಿ.